50 ಹರ್ಟ್ಸ್ ಒಂದೇ ಗೆರೆಯಾಗಿ ಬರುತ್ತಿಲ್ಲ: ಡಿಪ್ಲೊಮಾ ಮಕ್ಕಳಿಗೆ ಎರಡು ಗಂಟೆಯ ಡಿಎಫ್‌ಟಿ ಪಾಠ

ಕುಶಾಲನಗರ_ಲ್ಯಾಬ್: ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದವರಿಗೆ ಎರಡು ಗಂಟೆಯ ಕಾರ್ಯಾಗಾರ ಇದೆ. ಮೊದಲ ಗಂಟೆ ಸೂತ್ರ, ಎರಡನೆಯದು ಆರ್ಡುಯಿನೊ ಉನೊ. ಫಂಕ್ಷನ್ ಜನರೇಟರ್‌ನಿಂದ 50 ಹರ್ಟ್ಸ್ ಕೊಟ್ಟು, ಸೆಕೆಂಡಿಗೆ 1000ರಂತೆ 64 ಸ್ಯಾಂಪಲ್ ತೆಗೆದರೆ 46.9ರಲ್ಲಿ ದೊಡ್ಡ ಗೆರೆ, ಅಕ್ಕಪಕ್ಕದಲ್ಲೆಲ್ಲ ಸಣ್ಣವು. ಮಕ್ಕಳಿಗೆ ಏನೆಂದು ಹೇಳಲಿ?

ಸೋಲ್ಡರ್_ಗಣಿ: 64 ಸಾಲದು ಸರ್. 128 ಮಾಡಿ, ಸರಿಹೋಗುತ್ತೆ.

ಮಡಿಕೇರಿ_ಆಡಿಯೊ: ನನ್ನ ಆಂಪ್ಲಿಫೈಯರ್‌ನಲ್ಲೂ ಗುಂಯ್ ಅನ್ನುತ್ತೆ, ಆದರೆ 100 ಹರ್ಟ್ಸ್‌ನಲ್ಲಿ. ಇದೂ ಅದೇ ತೊಂದರೆಯಾ?

ಹಳೇಮೇಷ್ಟ್ರು: ಆಡಿಯೊದವರೇ, ನಿಮ್ಮದು ಬೇರೆ. ಫುಲ್ ವೇವ್ ರೆಕ್ಟಿಫೈಯರ್‌ನ ರಿಪಲ್ 100ರಲ್ಲೇ ಇರುತ್ತೆ. ಫಿಲ್ಟರ್ ಕೆಪಾಸಿಟರ್ ನೋಡಿ.

ಲ್ಯಾಬಿನವರಿಗೆ: 1000 ಭಾಗಿಸು 64 ಅಂದರೆ ಗೆರೆಗಳ ನಡುವೆ 15.625 ಹರ್ಟ್ಸ್. 50 ಬೀಳುವುದು 3.2ನೇ ಜಾಗದಲ್ಲಿ. ಅಲ್ಲಿ ಗೆರೆಯೇ ಇಲ್ಲ, ಹಾಗಾಗಿ ಅದು ಸುತ್ತಲಿನ ಗೆರೆಗಳಿಗೆಲ್ಲ ಹಂಚಿಹೋಗುತ್ತದೆ. 128 ಮಾಡಿದರೆ ಗೆರೆಗಳು ಹತ್ತಿರವಾಗುತ್ತವೆ ನಿಜ, ಆದರೆ 50 ಆಗ 6.4ರಲ್ಲಿ ಬೀಳುತ್ತದೆ, ಸೋರಿಕೆ ನಿಲ್ಲುವುದಿಲ್ಲ. 64 ಇರಲಿ, ವೇಗವನ್ನು 800ಕ್ಕೆ ಇಳಿಸಿ. ಅಂತರ 12.5, 50 ನೇರವಾಗಿ 4ನೇ ಗೆರೆಯ ಮೇಲೆ ಕೂರುತ್ತದೆ.

```
unsigned long t = micros();
for (int i = 0; i < 64; i++) {
  while (micros() - t < 1250UL);
  t += 1250;
  x[i] = analogRead(A0);
}
```

`delay(1)` ಬಳಸಿದ್ದರೆ ತೆಗೆದುಬಿಡಿ. ಅದರ ಮೇಲೆ `analogRead` ಸುಮಾರು 0.1 ಮಿಲಿಸೆಕೆಂಡ್ ತಿನ್ನುತ್ತದೆ. ನೀವು 1000 ಅಂದುಕೊಂಡಿದ್ದು ನಿಜಕ್ಕೂ 900ರ ಹತ್ತಿರ ಇರುತ್ತದೆ, ಗೆರೆ ತಪ್ಪು ಜಾಗದಲ್ಲಿ ಕಾಣುತ್ತದೆ.

ಕುಶಾಲನಗರ_ಲ್ಯಾಬ್: 800 ಮಾಡಿದೆ, 4ನೇ ಗೆರೆ ಚೂಪಾಗಿ ಬಂತು. ಆದರೆ 0ಯಲ್ಲಿ ಭಾರೀ ಗೆರೆ, 8ರಲ್ಲೂ ಒಂದಿದೆ.

ಹಳೇಮೇಷ್ಟ್ರು: ಜನರೇಟರ್‌ನ ಆಫ್‌ಸೆಟ್ ಸೊನ್ನೆಯಲ್ಲಿದೆಯಾ ನೋಡಿ. ಹಾಗಿದ್ದರೆ ಕೆಳಗಿನ ಅರ್ಧ ಅಲೆ ಕತ್ತರಿಸಿಹೋಗಿ 100 ಹರ್ಟ್ಸ್ ಹುಟ್ಟುತ್ತದೆ, ಪಿನ್ನೂ ಕೆಡಬಹುದು. 2.5 ವೋಲ್ಟ್ ಆಫ್‌ಸೆಟ್ ಕೊಟ್ಟು, ಅಲೆಯನ್ನು 1.5ರಿಂದ 3.5ರೊಳಗೆ ಇಡಿ. 8ರ ಗೆರೆ ಹೋಗುತ್ತದೆ. 0ಯದು ಆ ಆಫ್‌ಸೆಟ್ಟೇ. ಸರಾಸರಿ ಕಳೆದರೆ ಅದೂ ಇಲ್ಲ.

ಮೊದಲ ಗಂಟೆಯಲ್ಲಿ ಸೂತ್ರದ ಸಾಧನೆ ಬೇಡ. ನಾಲ್ಕೇ ಸ್ಯಾಂಪಲ್ ಕೊಡಿ: 1, 0, −1, 0. ಗುಣಿಸಬೇಕಾದ್ದು 1, −j, −1, j ಮಾತ್ರ, ಕ್ಯಾಲ್ಕುಲೇಟರ್ ಬೇಡ. ಉತ್ತರ 0, 2, 0, 2. ಕೊನೆಯ 2 ಯಾಕೆ ಬಂತು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದು ಮೊದಲನೆಯದರ ಪ್ರತಿಬಿಂಬ ಅನ್ನುವುದಕ್ಕೇ ಹತ್ತು ನಿಮಿಷ ಇಟ್ಟುಕೊಳ್ಳಿ. ಬೋರ್ಡಿನಲ್ಲಿ 32ರ ಆಚೆಗಿನ ಗೆರೆಗಳನ್ನು ಯಾಕೆ ಬಿಡುತ್ತೇವೆ ಅನ್ನುವುದು ಆಗ ತಾನಾಗಿ ತಿಳಿಯುತ್ತದೆ. ನಿಮ್ಮ 1000ದ ತಪ್ಪು ಚಿತ್ರವನ್ನು ಅಳಿಸಬೇಡಿ, 800ಕ್ಕೆ ಮೊದಲು ಅದನ್ನೇ ತೋರಿಸಿ.

ಸೋಲ್ಡರ್_ಗಣಿ: ಹ್ಯಾನಿಂಗ್ ವಿಂಡೋ ಹಾಕಿದರೆ 1000ದಲ್ಲೇ ಆಗುತ್ತಲ್ಲ?

ಹಳೇಮೇಷ್ಟ್ರು: ದೂರದ ಸೋರಿಕೆ ಇಳಿಯುತ್ತೆ, ನಡುವಿನ ಗೆರೆ ಅಗಲವಾಗುತ್ತೆ. ಎರಡು ಗಂಟೆಯಲ್ಲಿ ಅದು ಬೇಡ ಅಂತ ನನಗನ್ನಿಸುತ್ತೆ.

ಸೋಲ್ಡರ್_ಗಣಿ: ಮಳೆಗಾಲದಲ್ಲಿ ಕರೆಂಟ್ ಹೋಗಿ ಡೀಸೆಲ್ ಜನರೇಟರ್ ಓಡುವಾಗ ಲೈನಿನ ಹಮ್ ನೋಡಿದರೆ 50 ನಿಲ್ಲುವುದೇ ಇಲ್ಲ ಮೇಷ್ಟ್ರೇ. ಆಗ ವಿಂಡೋ ಹೇಳದೆ ಹೇಗೆ?