ಮೂರೇ ಅಕ್ಷರ ವ್ಯತ್ಯಾಸ: ಗೈಡ್ ಬೇರೆ ಕಡೆ ಕತ್ತರಿಸಿದೆಯಾ ಅಂತ ಹೇಗೆ ನೋಡ್ತೀರಿ?

ಕೇಳಿದವರು: ರಕ್ತದ ಮೂಲಕೋಶಗಳಲ್ಲಿ ಹಿಮೋಗ್ಲೋಬಿನ್ನಿನ ಎಚ್‌ಬಿಬಿ ಜೀನನ್ನು ಕ್ರಿಸ್ಪರ್‌ನಿಂದ ಕತ್ತರಿಸುತ್ತಿದ್ದೇನೆ. ಕತ್ತರಿಸುವ ಪ್ರೋಟೀನ್ ಕ್ಯಾಸ್9, ಅದಕ್ಕೆ ಜಾಗ ತೋರಿಸುವ ಆರ್‌ಎನ್‌ಎ ತುಂಡೇ ಗೈಡ್. ಗೈಡಿಗೆ ಹೋಲುವ ಬೇರೆ ಜಾಗಗಳನ್ನು ಕ್ಯಾಸ್-ಆಫ್‌ಫೈಂಡರ್‌ ಅನ್ನೋ ಸಾಧನದಲ್ಲಿ ಹುಡುಕಿದಾಗ ಪಕ್ಕದ ಎಚ್‌ಬಿಡಿ ಜೀನಿನಲ್ಲಿ ಮೂರು ಅಕ್ಷರ ಬೇರೆ, 9ನೇ ಕ್ರೋಮೋಸೋಮಿನ ಒಂದು ಜಾಗದಲ್ಲೂ ಮೂರೇ ಬೇರೆ. ಎಚ್‌ಬಿಡಿ ಜಾಗವನ್ನು ಸ್ಯಾಂಗರ್ ಸೀಕ್ವೆನ್ಸಿಂಗ್ ಮಾಡಿಸಿದೆ, ಶುದ್ಧವಾಗಿದೆ. ಇಷ್ಟು ಸಾಕಾ? ನೀವೆಲ್ಲ ನಿಮ್ಮ ಲ್ಯಾಬಿನಲ್ಲಿ ಏನು ಮಾಡಿದ್ದೀರಿ, ಹೇಳಿ.

ಕೋಶಗಳ ಲ್ಯಾಬಿನ ಸಂಶೋಧಕಿ: ಎಷ್ಟು ಅಕ್ಷರ ಬೇರೆ ಅನ್ನೋದಕ್ಕಿಂತ ಎಲ್ಲಿ ಬೇರೆ ಅನ್ನೋದನ್ನು ಮೊದಲು ನೋಡಿ. ನೀವು ಹೇಳುವುದನ್ನು ನೋಡಿದರೆ, ಎಷ್ಟೋ ಲ್ಯಾಬುಗಳು ಬಳಸುವ ಹಳೆಯ ಗೈಡೇ ನಿಮ್ಮದು ಇರಬೇಕು. ಮೂರು ಜಾಗಗಳನ್ನೂ ಒಂದರ ಕೆಳಗೊಂದು ಬರೆಯುತ್ತೇನೆ. ಕೊನೆಯ ಮೂರು ಅಕ್ಷರ ಪ್ಯಾಮ್, ಅಂದರೆ ಕ್ಯಾಸ್9 ಹಿಡಿಯೋದಕ್ಕೆ ಬೇಕಾದ ಗುರುತು. ಅದರ ಕೊನೆಯ ಎರಡು ಅಕ್ಷರ GG ಇದ್ದರೆ ಗಟ್ಟಿ.

```
HBB    CTTGCCCCACAGGGCAGTAA CGG
HBD    TTTGCCCCACAGGGCATTGA CAG
chr9   TCAGCCCCACAGGGCAGTAA GGG
```

ಕ್ಯಾಸ್9 ಮೊದಲು ಪ್ಯಾಮನ್ನು ಹಿಡಿಯುತ್ತದೆ. ಆಮೇಲೆ ಪ್ಯಾಮಿನ ಪಕ್ಕದಿಂದ ಶುರು ಮಾಡಿ ಎಡಕ್ಕೆ ಒಂದೊಂದೇ ಅಕ್ಷರ ಜೋಡಿಸುತ್ತಾ ಹೋಗುತ್ತದೆ. ಎಚ್‌ಬಿಡಿ ಸಾಲಿನಲ್ಲಿ ಪ್ಯಾಮ್ ಕೂಡ ಸರಿಯಿಲ್ಲ, ಪ್ಯಾಮಿಗೆ ತೀರಾ ಹತ್ತಿರ ಎರಡು ಅಕ್ಷರ ಬೇರೆ ಇವೆ. ಜೋಡಣೆ ಶುರುವಲ್ಲೇ ಮುರಿದು ಹೋಗುತ್ತದೆ. ಹಾಗಾಗಿ ನಿಮಗೆ ಅಲ್ಲಿ ಏನೂ ಸಿಗದೇ ಇರೋದು ಸಹಜ. 9ನೇ ಕ್ರೋಮೋಸೋಮಿನ ಸಾಲು ನೋಡಿ. ಪ್ಯಾಮ್ ಗಟ್ಟಿಯಾಗಿದೆ, ಅದರ ಪಕ್ಕದ ಹದಿನೇಳು ಅಕ್ಷರ ಪೂರ್ತಿ ಕೂಡುತ್ತವೆ. ವ್ಯತ್ಯಾಸವೆಲ್ಲ ದೂರದ ತುದಿಯಲ್ಲಿ. ಕ್ಯಾಸ್9 ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಈ ಗೈಡಿಗೆ ಇದು ಚೆನ್ನಾಗಿ ಗೊತ್ತಿರುವ ಆಫ್-ಟಾರ್ಗೆಟ್, ಅಲ್ಲಿ ನಿಜವಾಗಿಯೂ ಕತ್ತರಿಸುತ್ತದೆ. ನೀವು ಸ್ಯಾಂಗರ್ ಮಾಡಿಸಬೇಕಾಗಿದ್ದ ಜಾಗ ಅದು.

ಬಯೋಇನ್ಫರ್ಮ್ಯಾಟಿಕ್ಸ್ ವಿದ್ಯಾರ್ಥಿ: ಒಂದೊಂದೇ ಜಾಗ ನೋಡೋದು ಯಾಕೆ? ಇಡೀ ಜೀನೋಮ್ ಸೀಕ್ವೆನ್ಸ್ ಮಾಡಿಸಿದರೆ ಎಲ್ಲವೂ ಒಂದೇ ಸಲ ಗೊತ್ತಾಗುತ್ತೆ. 30 ಪಟ್ಟು, ಅಂದರೆ ಪ್ರತಿ ಜಾಗವನ್ನೂ ಸರಾಸರಿ ಮೂವತ್ತು ಸಲ ಓದಿಸಿ, ಮುಗೀತು.

ಕೋಶಗಳ ಲ್ಯಾಬಿನ ಸಂಶೋಧಕಿ: ಒಂದೇ ಕೋಶದಿಂದ ಬೆಳೆಸಿದ ಕ್ಲೋನ್ ಆದರೆ ನಿಮ್ಮ ಮಾತು ಸರಿ. ಅಲ್ಲಿ ಒಂದು ಪ್ರತಿಯಲ್ಲಿ ಬದಲಾವಣೆ ಇದ್ದರೂ ಮೂವತ್ತರಲ್ಲಿ ಸುಮಾರು ಹದಿನೈದು ಓದಿನಲ್ಲಿ ಕಾಣುತ್ತೆ. ಆದರೆ ಕೇಳಿದವರದ್ದು ಲಕ್ಷಾಂತರ ಕೋಶಗಳ ಗುಂಪು. ಶೇಕಡಾ 1ರಷ್ಟು ಡಿಎನ್‌ಎ ಪ್ರತಿಗಳಲ್ಲಿ ತಪ್ಪು ಕತ್ತರಿಕೆ ಆಗಿದ್ದರೆ ಮೂವತ್ತು ಓದಿನಲ್ಲಿ ಅದು ಸಿಗೋದು ಸರಾಸರಿ 0.3 ಸಲ. ಅಂದರೆ ಕಾಣೋದೇ ಇಲ್ಲ. ಕ್ಲೋನಿನಲ್ಲೂ ಇನ್ನೊಂದು ತೊಡಕಿದೆ. ಎಡಿಟ್ ಮಾಡದೇ ಇದ್ದರೂ ಕೋಶಗಳಲ್ಲಿ ಬದಲಾವಣೆಗಳು ತುಂಬಿಕೊಳ್ಳುತ್ತಲೇ ಇರುತ್ತವೆ. 2017ರಲ್ಲಿ ಇಲಿಗಳ ಮೇಲಿನ ಒಂದು ಪ್ರಬಂಧ ಕ್ರಿಸ್ಪರ್ ನೂರಾರು ಅನಿರೀಕ್ಷಿತ ಬದಲಾವಣೆ ತರುತ್ತೆ ಅಂತ ಸದ್ದು ಮಾಡಿತು. ಹೋಲಿಕೆಗೆ ಇಟ್ಟುಕೊಂಡ ಇಲಿ ಸರಿಯಾದದ್ದಲ್ಲ ಅನ್ನೋ ಆಕ್ಷೇಪ ಬಂದು 2018ರಲ್ಲಿ ಅದನ್ನು ವಾಪಸ್ ಪಡೆದರು. ಎಡಿಟ್ ಮಾಡುವ ಮೊದಲಿನ ಕೋಶಗಳ ಡಿಎನ್‌ಎ ಜೊತೆಗಿಲ್ಲದೆ ಇಡೀ ಜೀನೋಮಿನಲ್ಲಿ ಸಿಗುವ ಬದಲಾವಣೆಗಳ ಪಟ್ಟಿಗೆ ಅರ್ಥವಿಲ್ಲ.

ಭತ್ತದ ಮೇಲೆ ಕೆಲಸ ಮಾಡುವವರು: ನಮ್ಮಲ್ಲಿ ಇಷ್ಟು ತಲೆಬಿಸಿ ಇಲ್ಲ. ಎಡಿಟ್ ಆದ ಗಿಡದ ಮುಂದಿನ ತಲೆಮಾರಿನಲ್ಲಿ ಕ್ಯಾಸ್9 ಜೀನ್ ಇಲ್ಲದ ಸಸಿಗಳನ್ನು ಪಿಸಿಆರ್ ಮಾಡಿ ಆರಿಸುತ್ತೇವೆ. ಅನುಮಾನ ಇದ್ದರೆ ಮೂಲ ತಳಿಯ ಜೊತೆ ಮತ್ತೆ ಕ್ರಾಸ್ ಮಾಡಿ, ಬೇಡದ ಬದಲಾವಣೆ ಇರುವ ಸಸಿಗಳನ್ನು ಬಿಟ್ಟುಬಿಡುತ್ತೇವೆ. ನೀವೂ ಒಳ್ಳೆಯ ಕೋಶ ಆರಿಸಿ ಬೆಳೆಸಬಹುದಲ್ವಾ?

ಕೇಳಿದವರು: ಸರ್, ರಕ್ತದ ಮೂಲಕೋಶಗಳನ್ನು ಒಂದೊಂದಾಗಿ ಆರಿಸಿ ಬೆಳೆಸಿದರೆ ಅವು ಮೂಲಕೋಶಗಳಾಗಿ ಉಳಿಯೋದಿಲ್ಲ. ಗುಂಪನ್ನೇ ನೋಡಬೇಕು. ಮೇಡಂ, ಹಾಗಾದರೆ 9ನೇ ಕ್ರೋಮೋಸೋಮಿನ ಜಾಗವನ್ನೂ ಸ್ಯಾಂಗರ್ ಮಾಡಿಸಲಾ?

ಕೋಶಗಳ ಲ್ಯಾಬಿನ ಸಂಶೋಧಕಿ: ಸುಮ್ನೆ ಒಂದು ಅಂದಾಜಿಗೆ ಮಾಡಿಸಿ. ಶೇಕಡಾ ಐದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸ್ಯಾಂಗರ್‌ನ ಅಲೆಗಳಲ್ಲಿ ಮುಳುಗಿ ಹೋಗುತ್ತೆ. ಎಚ್‌ಬಿಡಿ ಶುದ್ಧ ಅಂದಿರಲ್ಲ, ಅದಕ್ಕೂ ಇದೇ ಮಾತು. ಆ ಜಾಗದ ಸುತ್ತ ಇನ್ನೂರು ಚಿಲ್ಲರೆ ಅಕ್ಷರಗಳ ತುಂಡನ್ನು ಪಿಸಿಆರ್ ಮಾಡಿ ಆಳವಾಗಿ ಓದಿಸಬೇಕು.

ನಾವು ಇಲ್ಲೇ ಎಡವಿದ್ದೆವು. ಒಂದು ಲಕ್ಷ ಓದು ಬಂದಿದೆ, ಶೇಕಡಾ 0.1 ಇದ್ದರೂ ಹಿಡಿಯುತ್ತೇವೆ ಅಂತ ನಂಬಿದ್ದೆವು. ಆದರೆ ಪಿಸಿಆರ್‌ಗೆ ಹಾಕಿದ್ದು 10 ನ್ಯಾನೋಗ್ರಾಂ ಡಿಎನ್‌ಎ. ಮನುಷ್ಯನ ಜೀನೋಮಿನ ಒಂದು ಪ್ರತಿ ಸುಮಾರು 3.3 ಪೈಕೋಗ್ರಾಂ ತೂಗುತ್ತೆ. ಅಂದರೆ ಟ್ಯೂಬಿನಲ್ಲಿ ಇದ್ದದ್ದೇ ಮೂರು ಸಾವಿರ ಪ್ರತಿ. ಶೇಕಡಾ 0.1 ಅಂದರೆ ಮೂರು ಅಣು. ಲಕ್ಷ ಓದಿನಲ್ಲಿ ಅವೇ ಮೂರು ಸಾವಿರ ಮತ್ತೆ ಮತ್ತೆ ಬಂದಿದ್ದವು. ಈಗ ಕನಿಷ್ಠ 100 ನ್ಯಾನೋಗ್ರಾಂ ಹಾಕುತ್ತೇವೆ. ಕ್ಯಾಸ್9 ಹಾಕದ ಅದೇ ವ್ಯಕ್ತಿಯ ಕೋಶಗಳನ್ನು ಅದೇ ದಿನ, ಅದೇ ಪ್ರೈಮರ್‌ನಲ್ಲಿ ಓಡಿಸುತ್ತೇವೆ. ಸೀಕ್ವೆನ್ಸಿಂಗ್ ಯಂತ್ರದ ತಪ್ಪು ಎರಡರಲ್ಲೂ ಕಾಣುತ್ತೆ. ಕತ್ತರಿಕೆಯ ಗುರುತು ಒಂದರಲ್ಲಿ ಮಾತ್ರ, ಅದೂ ಪ್ಯಾಮಿನಿಂದ ಮೂರನೇ ಅಕ್ಷರದ ಸುತ್ತ.

ಗೈಡ್-ಸೀಕ್ ಮಾಡಿರುವ ಒಬ್ಬರು: ಹುಡುಕಾಟದ ಪಟ್ಟಿಯಲ್ಲಿ ಇಲ್ಲದ ಜಾಗಗಳೂ ಇರುತ್ತವೆ. ಅದಕ್ಕೆ ಗೈಡ್-ಸೀಕ್ ವಿಧಾನದಲ್ಲಿ ನಾವು ಕ್ಯಾಸ್9 ಜೊತೆ ಒಂದು ಚಿಕ್ಕ ಡಿಎನ್‌ಎ ತುಂಡನ್ನು ಕೋಶಕ್ಕೆ ಹಾಕುತ್ತೇವೆ. ಎಲ್ಲಿ ಕತ್ತರಿಕೆ ಆಗುತ್ತೋ ಅಲ್ಲಿ ಅದು ಅಂಟಿಕೊಳ್ಳುತ್ತೆ. ಆಮೇಲೆ ಆ ತುಂಡಿನಿಂದಲೇ ಓದಿಸಿದರೆ ಜಾಗಗಳು ಬಯಲಾಗುತ್ತವೆ. ತೊಂದರೆ ಏನಂದರೆ ರಕ್ತದ ಮೂಲಕೋಶಗಳು ಆ ತುಂಡನ್ನು ಸಹಿಸೋದು ಕಷ್ಟ. ನನ್ನಲ್ಲಿ ಎರಡು ಸಲ ಜಾಸ್ತಿ ಕೋಶ ಸತ್ತವು. ಕೊನೆಗೆ ಗಟ್ಟಿ ಕೋಶರೇಖೆಯಲ್ಲಿ ಪಟ್ಟಿ ಮಾಡಿಕೊಂಡು, ಆ ಜಾಗಗಳನ್ನು ಮೂಲಕೋಶಗಳಲ್ಲಿ ಆಳವಾಗಿ ಓದಿಸಿದೆ. ಒಂದು ಕೋಶದಲ್ಲಿ ಮುಚ್ಚಿಕೊಂಡಿರುವ ಡಿಎನ್‌ಎ ಇನ್ನೊಂದರಲ್ಲಿ ತೆರೆದಿರಬಹುದು. ಹಾಗಾಗಿ ಈ ದಾರಿ ಪೂರ್ತಿ ಸರಿ ಅಂತ ನಾನು ಹೇಳೋದಿಲ್ಲ.

ಕೋಶಗಳ ಲ್ಯಾಬಿನ ಸಂಶೋಧಕಿ: ಇನ್ನೆರಡು ಮಾತು. ನಿಮ್ಮ ಗೈಡ್ 11ನೇ ಮತ್ತು 9ನೇ ಕ್ರೋಮೋಸೋಮ್ ಎರಡನ್ನೂ ಒಂದೇ ಕೋಶದಲ್ಲಿ ಕತ್ತರಿಸಿದರೆ ತುದಿಗಳು ಅದಲುಬದಲಾಗಿ ಅಂಟಿಕೊಳ್ಳಬಹುದು. ಎರಡು ಜಾಗಗಳನ್ನು ಬೇರೆ ಬೇರೆಯಾಗಿ ಪಿಸಿಆರ್ ಮಾಡಿದರೆ ಅದು ಕಾಣೋದಿಲ್ಲ. ಒಂದು ಪ್ರೈಮರ್ ಅಲ್ಲಿಂದ, ಇನ್ನೊಂದು ಇಲ್ಲಿಂದ ಇಟ್ಟು ನೋಡಿ. ಎಚ್‌ಬಿಬಿಯಲ್ಲೇ ಸಾವಿರಾರು ಅಕ್ಷರ ಅಳಿಸಿ ಹೋಗಿದ್ದರೂ ಹಾಗೆಯೇ. ಪ್ರೈಮರ್ ಕೂರುವ ಜಾಗವೇ ಇಲ್ಲದಿದ್ದರೆ ಆ ಪ್ರತಿ ಲೆಕ್ಕಕ್ಕೇ ಬರೋದಿಲ್ಲ. ಫಲಿತಾಂಶ ಶುದ್ಧವಾಗಿ ಕಾಣುತ್ತೆ.

ಕತ್ತರಿಕೆಯನ್ನೇ ಕಡಿಮೆ ಮಾಡಬೇಕಾದರೆ ಆರ್691ಎ ಬದಲಾವಣೆ ಇರುವ ಹೈ-ಫಿಡೆಲಿಟಿ ಕ್ಯಾಸ್9 ತೆಗೆದುಕೊಳ್ಳಿ. ಪ್ಲಾಸ್ಮಿಡ್ ಬೇಡ, ಪ್ರೋಟೀನನ್ನೇ ಗೈಡಿನ ಜೊತೆ ಸೇರಿಸಿ ಹಾಕಿ. ಅದು ಬೇಗ ಕರಗಿ ಹೋಗುತ್ತೆ. ನಮ್ಮಲ್ಲಿ 9ನೇ ಕ್ರೋಮೋಸೋಮಿನ ಕತ್ತರಿಕೆ ತೀರಾ ಇಳಿಯಿತು, ಎಚ್‌ಬಿಬಿಯದ್ದು ಹೆಚ್ಚುಕಡಿಮೆ ಹಾಗೇ ಉಳಿಯಿತು.

ಕೇಳಿದವರು: ಹೈ-ಫಿಡೆಲಿಟಿ ಕ್ಯಾಸ್9 ಇವತ್ತೇ ಆರ್ಡರ್ ಮಾಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ಮುಂದೆ ಚಾಮರಾಜನಗರ ಕಡೆಯ ಬುಡಕಟ್ಟಿನ ಸಿಕಲ್ ಸೆಲ್ ರೋಗಿಗಳ ಕೋಶಗಳು ನಮಗೆ ಬರಲಿವೆ. ಹುಡುಕಾಟಕ್ಕೆ ಎಲ್ಲರೂ ಬಳಸುವ ಮಾದರಿ ಜೀನೋಮ್ ಸಾಕಾ?

ಗೈಡ್-ಸೀಕ್ ಮಾಡಿರುವ ಒಬ್ಬರು: ಸಾಲದು ಅನ್ನಿಸುತ್ತೆ. ಸಿಕಲ್ ಸೆಲ್‌ಗೆ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಕ್ರಿಸ್ಪರ್ ಚಿಕಿತ್ಸೆ ಬಿಸಿಎಲ್11ಎ ಜೀನಿನ ಒಂದು ಜಾಗವನ್ನು ಕತ್ತರಿಸುತ್ತೆ. ಆ ಗೈಡಿಗೆ ಮಾದರಿ ಜೀನೋಮಿನಲ್ಲಿ ಕಾಣದ ಒಂದು ಆಫ್-ಟಾರ್ಗೆಟ್ ಇದೆ ಅಂತ ಪ್ರಕಟವಾಗಿದೆ. ಆಫ್ರಿಕಾ ಮೂಲದ ಕೆಲವರಲ್ಲಿ ಸಿಪಿಎಸ್1 ಜೀನಿನೊಳಗೆ ಒಂದೇ ಅಕ್ಷರ ಬೇರೆ ಇರುತ್ತೆ. ಆ ಒಂದು ಅಕ್ಷರ ಅಲ್ಲಿ ಹೊಸ ಪ್ಯಾಮ್ ಮಾಡಿಬಿಡುತ್ತೆ. ಅದು ಇರುವವರ ಕೋಶಗಳಲ್ಲಿ ಅಲ್ಲೂ ಕತ್ತರಿಕೆ ಕಂಡಿದೆ. ಕ್ರಿಸ್ಪರ್‌ಮಿ ಅನ್ನೋ ಸಾಧನ ಇಂಥ ವ್ಯತ್ಯಾಸಗಳನ್ನು ಸೇರಿಸಿಕೊಂಡೇ ಹುಡುಕುತ್ತೆ. ಆದರೆ ನೀವು ಹೇಳುವ ಸಮುದಾಯದ ವ್ಯತ್ಯಾಸಗಳು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಅದು ಹುಡುಕೋದಾದರೂ ಏನನ್ನ?

ಬಯೋಇನ್ಫರ್ಮ್ಯಾಟಿಕ್ಸ್ ವಿದ್ಯಾರ್ಥಿ: ಇಲ್ಲಿ ನನ್ನ 30 ಪಟ್ಟು ಕೆಲಸಕ್ಕೆ ಬರುತ್ತೆ ನೋಡಿ. ಎಡಿಟ್ ಮಾಡುವ ಮೊದಲೇ ಒಬ್ಬೊಬ್ಬ ರೋಗಿಯ ಜೀನೋಮ್ ಓದಿಸಿ, ಅದರಲ್ಲೇ ಗೈಡಿಗೆ ಹೋಲುವ ಜಾಗಗಳನ್ನು ಹುಡುಕಿ.

ಕೋಶಗಳ ಲ್ಯಾಬಿನ ಸಂಶೋಧಕಿ: ಇದನ್ನು ಒಪ್ಪುತ್ತೇನೆ. ಎಷ್ಟು ಜನರದ್ದು ಓದಿಸಿದರೆ ಸಾಕು ಅನ್ನೋದು ನನಗೂ ಪ್ರಶ್ನೆಯೇ. ಕೋಶಗಳು ಬಂದ ದಿನವೇ ಸ್ವಲ್ಪ ಡಿಎನ್‌ಎ ತೆಗೆದು ಫ್ರೀಜರಿನಲ್ಲಿ ಇಡಿ. ಕ್ಯಾಸ್9 ಹಾಕಿದ ಕೋಶಗಳಿಂದ ಅದು ಮತ್ತೆ ಸಿಗೋದಿಲ್ಲ.