ವಿನಯನಿಗೆ ಕಾಕಾ ಕಳಿಸಿದ ಕನ್ನಡಿ

ಗುಂಪು: ನಮ್ಮ ಮನಿ ಮಂದಿ

ಶೇಖರ ಕಾಕಾ, ಧಾರವಾಡ (ಬೆಳಿಗ್ಗೆ 6:12)
(ಮುಂದಕ್ಕೆ ಕಳಿಸಿದ್ದು) 🌻 ದುಃಖ ನಿಮ್ಮದೇ ಆಯ್ಕೆ! ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು 21 ಸಲ ಹೇಳಿ: "ನಾನು ಗೆದ್ದವನು, ನಾನು ಸಂತೋಷವಾಗಿದ್ದೇನೆ." ಕೆಟ್ಟ ಯೋಚನೆ ಬಂದರೆ ತಕ್ಷಣ ಹೊರಗೆ ಹಾಕಿ. 21 ದಿನದಲ್ಲಿ ಬದುಕು ಬದಲಾಗುತ್ತದೆ! 🌻

ಶೇಖರ ಕಾಕಾ (6:14)
ವಿನ್ಯಾ, ಇದು ಖಾಸ ನಿನಗೇ. ಹೋದ ತಿಂಗಳೂ ಕಳಿಸಿದ್ದೆ. ಪ್ರಿಂಟಿಂಗ್ ಪ್ರೆಸ್ ಹೋದರೆ ಹೋಗಲಿ, ಮನಸ್ಸು ಗಟ್ಟಿ ಇಟ್ಟುಕೋ.

ಪ್ರಕಾಶ ಮಾಮಾ, ಹಾವೇರಿ (6:20)
ಭಾಳ ಛಲೋ ಮೆಸೇಜ್ 🙏🙏

ಸುಮಾ, ಹುಬ್ಬಳ್ಳಿ (7:46)
ಕಾಕಾ, ನೀವು ಪ್ರೀತಿಯಿಂದ ಕಳಿಸಿದ್ದೀರಿ, ಗೊತ್ತು. ಆದರೆ ಇದನ್ನು ವಿನ್ಯಾನಿಗೆ ಕಳಿಸಬಾರದಿತ್ತು ಅನಿಸಿತು. ಮನಸ್ಸು ಕುಗ್ಗಿದವರಿಗೆ ಇದು ಕೆಲವು ಸಲ ಉಲ್ಟಾ ಹೊಡೆಯುತ್ತದೆ.

ಶೇಖರ ಕಾಕಾ (7:51)
ಅದು ಹೇಗೆ? ಒಳ್ಳೆ ಮಾತು ಹೇಳಿದರೆ ಯಾರಿಗಾದರೂ ಕೆಟ್ಟದಾಗುತ್ತದಾ? ನನ್ನ ಬೈಪಾಸ್ ಆದಾಗ ದಿನಾ ಬೆಳಿಗ್ಗೆ "ನಾನು ಗುಣ ಆಗುತ್ತಿದ್ದೇನೆ" ಅಂದುಕೊಳ್ಳುತ್ತಿದ್ದೆ. ಆಗಲಿಲ್ಲವಾ? ನೀನು ಕಾಲೇಜಿನಲ್ಲಿ ಕೌನ್ಸೆಲರ್ ಇರಬಹುದು, ನಾನು ಅನುಭವದಿಂದ ಹೇಳುತ್ತಿದ್ದೇನೆ.

ಸುಮಾ (8:10)
ನಿಮಗೆ ಉಪಯೋಗ ಆಗಿದ್ದು ನಿಜವೇ ಇರಬೇಕು ಕಾಕಾ. ಅದಕ್ಕೆ ಒಂದು ಕಾರಣವೂ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಜೊಆನ್ ವುಡ್ ಅಂತ ಮನಶ್ಶಾಸ್ತ್ರಜ್ಞೆ. 2009ರಲ್ಲಿ ಅವರು ಮತ್ತು ಜೊತೆಗಾರರು ನಿಮ್ಮ ಕನ್ನಡಿಯಂಥದ್ದನ್ನೇ ಪರೀಕ್ಷಿಸಿದರು. ಕೆಲವರನ್ನು ಕೂರಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ 4 ನಿಮಿಷ ಬರೆಯಿರಿ ಅಂದರು. ಅವರಲ್ಲಿ ಅರ್ಧ ಮಂದಿಗೆ 15 ಸೆಕೆಂಡಿಗೊಮ್ಮೆ ಗಂಟೆ ಸದ್ದು ಕೇಳಿಸುತ್ತಿತ್ತು. ಸದ್ದಾದಾಗೆಲ್ಲ ಅವರು "ನಾನು ಪ್ರೀತಿಗೆ ಅರ್ಹ" ಅನ್ನುವ ಅರ್ಥದ ಒಂದು ವಾಕ್ಯ ಮನಸ್ಸಲ್ಲೇ ಹೇಳಿಕೊಳ್ಳಬೇಕು. ಹೆಚ್ಚುಕಡಿಮೆ 16 ಸಲ ಆಯಿತು, ನಿಮ್ಮ 21ರ ಹತ್ತಿರ ಹತ್ತಿರ.

ಆಮೇಲೆ ಅವರ ಮನಸ್ಥಿತಿ ಅಳೆದರು. "ಹೇಗಿದ್ದೀರಿ" ಅಂತ ನೇರ ಕೇಳಿದರೆ ಮಂದಿ "ಆರಾಮ" ಅಂದುಬಿಡುತ್ತಾರಲ್ಲ? ಅದಕ್ಕೇ ಸುತ್ತಿ ಕೇಳಿದರು. 30 ವರ್ಷದ ಒಬ್ಬರಿಗೆ ಸುಖದ ಪ್ರೀತಿ ಸಂಬಂಧ ಇರುವ ಸಾಧ್ಯತೆ ಎಷ್ಟು, ಈ ಥರದ ಪ್ರಶ್ನೆ. ಮನಸ್ಸು ಹಗುರ ಇದ್ದವರು ಜಾಸ್ತಿ ಅನ್ನುತ್ತಾರೆ, ಭಾರ ಇದ್ದವರು ಕಡಿಮೆ ಅನ್ನುತ್ತಾರೆ.

ತಮ್ಮ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇದ್ದವರಿಗೆ ಆ ವಾಕ್ಯದಿಂದ ಸ್ವಲ್ಪ ಒಳ್ಳೆಯದಾಯಿತು, ಭಾಳ ಏನಲ್ಲ. ತಮ್ಮನ್ನು ಕೀಳಾಗಿ ಕಾಣುವವರ ಕಥೆ ಬೇರೆ. ಅವರಲ್ಲಿ ವಾಕ್ಯ ಹೇಳಿಕೊಂಡವರು, ಏನೂ ಹೇಳಿಕೊಳ್ಳದೆ ಸುಮ್ನೆ ಬರೆದವರಿಗಿಂತ ಜಾಸ್ತಿ ಕುಗ್ಗಿದ್ದರು.

ರೇಖಾ ವೈನಿ, ಗದಗ (8:24)
ಯಾಕೆ ಸುಮಾ? ಅದೇ ನನಗೆ ತಿಳಿಯಲಿಲ್ಲ.

ಸುಮಾ (8:33)
ನಂಬಲು ಆಗದ ಮಾತನ್ನು ಹೇಳಿಕೊಂಡರೆ ಮನಸ್ಸು ಸುಮ್ಮನೆ ಇರುವುದಿಲ್ಲ ವೈನಿ, ಎದುರು ವಾದಕ್ಕೆ ನಿಲ್ಲುತ್ತದೆ. "ನಾನು ಗೆದ್ದವನು" ಅಂದ ಕೂಡಲೇ ಒಳಗಿನಿಂದ "ಎಲ್ಲಿ ಗೆದ್ದೆ?" ಅಂತ ಬರುತ್ತದೆ. ಆಮೇಲೆ ಒಂದೊಂದೇ ಸಾಕ್ಷಿ ತೆಗೆದು ಮುಂದಿಡುತ್ತದೆ. 21 ಸಲ ಹೇಳಿದರೆ 21 ಸಲ ಅದೇ ಪಂಚಾಯಿತಿ.

ಕಾಕಾನ ವಾಕ್ಯ ಹಾಗಿರಲಿಲ್ಲ. ಗಾಯ ಮಾಯುತ್ತಿತ್ತು, ಡಾಕ್ಟರು ರಿಪೋರ್ಟ್ ಛಲೋ ಇದೆ ಅಂದಿದ್ದರು, ಪೆನ್ಶನ್ ಬರುತ್ತಿತ್ತು, ಕಾಕು ಪಕ್ಕದಲ್ಲೇ ಇದ್ದಳು. "ಗುಣ ಆಗುತ್ತಿದ್ದೇನೆ" ಅಂದರೆ ಮನಸ್ಸು "ಹೌದು" ಅನ್ನುತ್ತಿತ್ತು.

ಶೇಖರ ಕಾಕಾ (8:37)
ಇವೆಲ್ಲ ಕೆನಡಾದ ಮಂದಿಯ ಕಥೆ. ನಮ್ಮ ಹುಡುಗರು ಅಷ್ಟು ಮೆತ್ತಗಿಲ್ಲ.

ವಿನಯ್, ಗದಗ (9:30)
ಕಾಕಾ, ನಾನು ಮಾಡಿದೆ. ಹೋದ ತಿಂಗಳು ನೀವು ಕಳಿಸಿದ ಮೇಲೆ ಹನ್ನೊಂದು ದಿನ ಮಾಡಿದೆ. ಬಾತ್‌ರೂಮ್ ಕನ್ನಡಿ ಮುಂದೆ, ಅವ್ವನಿಗೆ ಕೇಳಬಾರದು ಅಂತ ನಲ್ಲಿ ಬಿಟ್ಟುಕೊಂಡು.

ಸುಮಕ್ಕ ಹೇಳಿದ ಹಾಗೇ ಆಯಿತು. "ನಾನು ಗೆದ್ದವನು" ಅಂದಾಗೆಲ್ಲ ಮಷಿನ್ ಕಣ್ಣ ಮುಂದೆ ಬರುತ್ತಿತ್ತು. ಆಫ್‌ಸೆಟ್ ಮಷಿನ್ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹೋಯಿತಲ್ಲ, ಆ ತಕ್ಕಡಿ. ಲಗ್ನಪತ್ರಿಕೆಯ ಕಟ್ಟುಗಳು, ಅರ್ಧಕ್ಕೇ ನಿಂತ ಬಿಲ್ ಪುಸ್ತಕ. ಮೊದಲು ದಿನಕ್ಕೆ ಒಂದೆರಡು ಸಲ ನೆನಪಾಗುತ್ತಿತ್ತು. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ ಅದೇ. ಹನ್ನೆರಡನೇ ದಿನ ಬಿಟ್ಟೆ. ಬಿಟ್ಟ ಮೇಲೆ "ಇಷ್ಟು ಸಣ್ಣ ಕೆಲಸವೂ ನಿನ್ನಿಂದ ಆಗಲಿಲ್ಲ" ಅಂತ ಅನಿಸಿತು.

ಮೆಸೇಜಿನಲ್ಲಿ ದುಃಖ ನಿಮ್ಮ ಆಯ್ಕೆ ಅಂತ ಇದೆ. ನಾನೇ ಆರಿಸಿಕೊಂಡಿದ್ದೇನೆ ಅಂತ ಆಯಿತಲ್ಲ.

ರೇಖಾ ವೈನಿ (9:34)
ಅಯ್ಯೋ ವಿನ್ಯಾ. ನಮಗೆ ಹೇಳಬಾರದಾ.

ಸುಮಾ (9:41)
ನೀನು ಬರೆದದ್ದು ಒಳ್ಳೆಯದಾಯಿತು. ಮಷಿನ್ ಹೋದ ದುಃಖ ಒಂದು. "ನಾನು ದುಃಖದಲ್ಲಿ ಇರಬಾರದಿತ್ತು, ಇನ್ನೂ ಇದ್ದೇನೆ" ಅನ್ನುವುದು ಎರಡನೇದು. ಈ ಎರಡನೇದನ್ನು ನಾವೇ ನಿನ್ನ ತಲೆ ಮೇಲೆ ಹಾಕಿದ್ದೇವೆ, ಹೂವಿನ ಚಿತ್ರದ ಜೊತೆಗೆ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಬ್ರಾಕ್ ಬಾಸ್ಟಿಯನ್ ಮತ್ತು ಜೊತೆಗಾರರು 2012ರಲ್ಲಿ ಇದರ ಬಗ್ಗೆಯೇ ಬರೆದರು. ದುಃಖಪಡಬಾರದು ಅಂತ ಸುತ್ತಲಿನವರು ಬಯಸುತ್ತಾರೆ ಅಂತ ಯಾರಿಗೆ ಜಾಸ್ತಿ ಅನಿಸುತ್ತದೋ, ಅವರಲ್ಲೇ ದುಃಖ ಜಾಸ್ತಿ ಕಂಡಿತು.

ಪ್ರಕಾಶ ಮಾಮಾ (10:05)
ಸುಮಾ, ನಿನ್ನ ಕೆನಡಾ ಪ್ರಯೋಗದ ಬಗ್ಗೆ ಮಗಳ ಕಡೆಯಿಂದ ಹುಡುಕಿಸಿದೆ. 2020ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಅದೇ ಫಲ ಬರಲಿಲ್ಲವಂತೆ. ಮತ್ತೆ ನಾವು ಯಾವುದನ್ನು ನಂಬಬೇಕು?

ಸುಮಾ (10:18)
ಮಾಮಾ, ಹಿಡಿದಿರಿ. ಹೌದು, ಬರಲಿಲ್ಲ. ನಾನೇ ಮೊದಲು ಹೇಳಬೇಕಿತ್ತು. ಹಾಗಾಗಿ "ಕುಗ್ಗಿದವರು ಇಂಥ ವಾಕ್ಯ ಹೇಳಿದರೆ ಎಲ್ಲರಿಗೂ ಕೆಟ್ಟದಾಗುತ್ತದೆ" ಅಂತ ನಾನು ಹೇಳಲಾರೆ. ಕೆಲವರಿಗೆ ಏನೂ ಆಗದೆಯೂ ಇರಬಹುದು. ಆದರೆ ಇಲ್ಲಿ ನಮ್ಮ ವಿನ್ಯಾ ಹನ್ನೊಂದು ದಿನ ಏನಾಯಿತು ಅಂತ ತಾನೇ ಬರೆದಿದ್ದಾನೆ. ಅವನ ಮಟ್ಟಿಗೆ ನನಗೆ ಕೆನಡಾ ಬೇಕಾಗಿಲ್ಲ.

ಮೊದಲಿನ ತಂಡದ್ದೇ ಇನ್ನೊಂದು ಪ್ರಯೋಗ ನನಗೆ ಜಾಸ್ತಿ ಹಿಡಿಸಿತು. ಅದೇ ವಾಕ್ಯ ಕೊಟ್ಟು, ಕೆಲವರಿಗೆ ಅದು ಹೇಗೆ ನಿಜ ಅಂತ ಮಾತ್ರ ಯೋಚಿಸಿ ಅಂದರು. ಉಳಿದವರಿಗೆ ಹೇಗೆ ನಿಜ, ಹೇಗೆ ನಿಜ ಅಲ್ಲ, ಎರಡನ್ನೂ ಯೋಚಿಸಬಹುದು ಅಂದರು. ತಮ್ಮನ್ನು ಕೀಳಾಗಿ ಕಾಣುವವರಲ್ಲಿ, ಎರಡಕ್ಕೂ ಪರವಾನಗಿ ಸಿಕ್ಕವರೇ ಹಗುರಾಗಿದ್ದರು.

ರೇಖಾ ವೈನಿ (10:26)
ಹಾಗಾದರೆ ಏನು ಹೇಳಬೇಕು ಮತ್ತೆ? "ಹೌದಪ್ಪ, ನಿನ್ನ ಕಥೆ ಮುಗಿಯಿತು" ಅನ್ನಬೇಕಾ? ಎಲ್ಲರೂ ಕೂಡಿ ಅಳುತ್ತ ಕೂರಬೇಕಾ? ಹುಡುಗ ಎದ್ದು ನಿಲ್ಲಬೇಕಲ್ವಾ.

ಸುಮಾ (10:44)
ವೈನಿ, ಅಜ್ಜ ತೀರಿಕೊಂಡಾಗ ನಮ್ಮ ಮನೆಗೆ ಮಾತಾಡಿಸಲು ಬಂದವರು ಏನು ಮಾಡಿದರು ನೆನಪಿದೆಯಾ? ಪಡಸಾಲೆಯಲ್ಲಿ ಕೂತರು, "ಹೇಗಾಯಿತು" ಅಂತ ಕೇಳಿದರು. ಅಜ್ಜಿ ಅದೇ ಕಥೆಯನ್ನು ಬಂದ ಬಂದವರಿಗೆಲ್ಲ ಮೊದಲಿಂದ ಹೇಳಿದಳು. ಯಾರೂ "ಪಾಸಿಟಿವ್ ಆಗಿರು" ಅನ್ನಲಿಲ್ಲ. "ಅತ್ತುಬಿಡವ್ವ" ಅಂದರು. ಹೊರಡುವಾಗ "ಎರಡು ತುತ್ತು ಉಣ್ಣು" ಅಂದರು. ಅಳುವುದಕ್ಕೂ ಜಾಗ ಇತ್ತು, ಉಣ್ಣುವುದಕ್ಕೂ ಇತ್ತು.

ಪ್ರೆಸ್ ಮುಚ್ಚಿದಾಗ ನಮ್ಮಲ್ಲಿ ಯಾರು ಹಾಗೆ ವಿನ್ಯಾನ ಮನೆಗೆ ಹೋದೆವು? ನಾನೂ ಹೋಗಲಿಲ್ಲ. ಒಂದು ಗೂಡ್ ಮಾರ್ನಿಂಗ್ ಕಳಿಸಿದೆ, ನಾಚಿಕೆಯಾಗುತ್ತದೆ.

ಎದ್ದು ನಿಲ್ಲಬೇಕು ಅನ್ನುವುದು ಸರಿ. ಆದರೆ ಯೋಚನೆ ಬದಲಾಗಲಿ, ಆಮೇಲೆ ಕೆಲಸ ಮಾಡುತ್ತೇನೆ ಅಂತ ಕಾಯುವುದು ಭಾಳ ದೂರದ ದಾರಿ. ನಾವು ಉಲ್ಟಾ ಕಡೆಯಿಂದ ಶುರು ಮಾಡಿಸುತ್ತೇವೆ. ಯೋಚನೆ ಹಾಗೇ ಇರಲಿ, ಅದರ ಜೊತೆ ಜಗಳ ಬೇಡ. ನಾಳೆ ಇಷ್ಟು ಗಂಟೆಗೆ ಇಂಥದ್ದೊಂದು ಸಣ್ಣ ಕೆಲಸ, ಅಷ್ಟೇ. ಮನಸ್ಸಿದ್ದರೂ ಮಾಡು, ಇಲ್ಲದಿದ್ದರೂ ಮಾಡು. ಮುಗಿದ ಮೇಲೆ ಹೇಗನಿಸಿತು ಅಂತ ಒಂದು ಸಾಲು ಬರೆದಿಡು. "ಹೊಸ ಬದುಕು ಶುರು" ಅನ್ನುವಂಥದ್ದಲ್ಲ. ಏಳು ಗಂಟೆಗೆ ಹಾಲು ತರುವುದು, ಅಂಥದ್ದು.

ವಿನ್ಯಾ, ನಿದ್ದೆ ಹೇಗಿದೆ? ಊಟ?

ವಿನಯ್ (11:02)
ಮಲಗಿದ ಕೂಡಲೇ ನಿದ್ದೆ ಬರುತ್ತದೆ ಅಕ್ಕ. ಮೂರು ಗಂಟೆಗೆ ಎಚ್ಚರ ಆಗುತ್ತದೆ, ಮತ್ತೆ ಬರುವುದಿಲ್ಲ. ಊಟ ಅವ್ವ ಬಡಿಸಿದ್ದಕ್ಕೆ ಮಾಡುತ್ತೇನೆ. ಕ್ರಿಕೆಟ್ ಕೂಡ ನೋಡಬೇಕು ಅನಿಸುವುದಿಲ್ಲ. ಒಂದೂವರೆ ತಿಂಗಳಾಯಿತು.

ಸುಮಾ (11:05)
ಈಗ ಫೋನ್ ಮಾಡುತ್ತೇನೆ, ಎತ್ತು.

ಸುಮಾ (11:58)
ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಬೇಜಾರು ಎಲ್ಲರಿಗೂ ಬರುತ್ತದೆ. ಆದರೆ ಹೆಚ್ಚುಕಡಿಮೆ ದಿನಾ, ದಿನದ ಜಾಸ್ತಿ ಹೊತ್ತು, ಎರಡು ವಾರ ಬಿಡದೆ ಇದ್ದರೆ, ಜೊತೆಗೆ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ತನ್ನ ಮೇಲೇ ತಪ್ಪು ಹೊರಿಸಿಕೊಳ್ಳುತ್ತಿದ್ದಾನೆ ಅಂದರೆ ಡಾಕ್ಟರಿಗೆ ತೋರಿಸಬೇಕು. ಖಿನ್ನತೆ ಹೌದೋ ಅಲ್ಲವೋ ಅವರು ನೋಡಿ ಹೇಳಲಿ, ಅದು ನನ್ನ ಕೆಲಸ ಅಲ್ಲ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದ ಹಾಗೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ. ಇಲ್ಲ ಅಂದ.

ಗುರುವಾರ ಧಾರವಾಡದ ಡಿಮ್ಹಾನ್ಸ್‌ಗೆ ಹೋಗೋಣ ಅಂತ ಒಪ್ಪಿದ್ದಾನೆ. ನಡುವೆ ಮೂರು ಗಂಟೆಗೆ ಎದ್ದು ಕೂರುವಂತಾದರೆ 14416 ಸಹಾಯವಾಣಿ ಇದೆ, ಟೆಲಿ ಮಾನಸ್. ಸರ್ಕಾರದ್ದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಕಾಶ ಮಾಮಾ (12:06)
ಮೆಂಟಲ್ ಆಸ್ಪತ್ರೆಗಾ? ಊರಲ್ಲಿ ಗೊತ್ತಾದರೆ?

ರೇಖಾ ವೈನಿ (12:07)
ಮಾಮಾ, ನೀವು ಹೇಳದಿದ್ದರೆ ಗೊತ್ತಾಗುವುದಿಲ್ಲ.

ಶೇಖರ ಕಾಕಾ (12:40)
ವಿನ್ಯಾ, ಬುಧವಾರ ಸಂಜೆಯೇ ನಮ್ಮ ಮನೆಗೆ ಬಾ. ಇಲ್ಲೇ ಮಲಗು. ಬೆಳಿಗ್ಗೆ ನಾನೂ ಬರುತ್ತೇನೆ, ಚೀಟಿಗೆ ಬೇಗ ಹೋಗಿ ನಿಲ್ಲಬೇಕು. ಮೂರು ಗಂಟೆಗೆ ಎಚ್ಚರ ಆದರೆ ಎಬ್ಬಿಸು, ನನಗೂ ಆ ಹೊತ್ತಿಗೆ ಎಚ್ಚರ ಆಗುತ್ತದೆ. ಬೈಪಾಸ್ ಆದಾಗಿನಿಂದ. ಯಾರಿಗೂ ಹೇಳಿರಲಿಲ್ಲ.

ವಿನಯ್ (12:52)
ಬರುತ್ತೇನೆ ಕಾಕಾ.

ಶೇಖರ ಕಾಕಾ (12:58)
ಬೆಳಿಗ್ಗೆ ಕಳಿಸಿದ್ದನ್ನು ಅಳಿಸಿದೆ.

ರೇಖಾ ವೈನಿ (1:03)
ನಮಗೆ ಇನ್ನೂ ಕಾಣುತ್ತಿದೆ ಕಾಕಾ. ನಿಮ್ಮ ಫೋನಿನಲ್ಲಿ ಮಾತ್ರ ಹೋಗಿದೆ.