ಸಹಾಯ ಬೇಕು: ಮಾತು ಹೊರಡದ ಮಾವನ ಹತ್ತಿರ ಏನು ಮಾತಾಡಲಿ?

ಸೋದರಮಾವನಿಗೆ ಹತ್ತು ದಿನದ ಹಿಂದೆ ಸ್ಟ್ರೋಕ್ ಆಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದೆ. ಬಲಗೈ ಏಳುತ್ತಿಲ್ಲ, ಮಾತೂ ಹೊರಡುತ್ತಿಲ್ಲ. ಈಗ ವಾರ್ಡಿಗೆ ಹಾಕಿದ್ದಾರೆ.

ಮೊದಲ ಸಲ ನೋಡಲು ಹೋದಾಗಲೇ ಎಡವಟ್ಟು ಮಾಡಿದೆ. ಮಂಚದ ಪಕ್ಕದಲ್ಲೇ ನಿಂತು ಅತ್ತೆಯನ್ನು "ಇವರಿಗೆ ನಮ್ಮ ಗುರುತು ಸಿಗುತ್ತಾ?" ಎಂದು ಕೇಳಿಬಿಟ್ಟೆ. ಮಾವ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಎಡಗೈಯಲ್ಲಿ ಹೊದಿಕೆಯ ಅಂಚನ್ನು ಎಳೆಯುತ್ತಲೇ ಇದ್ದರು.

ಆಮೇಲೆ ಸ್ಪೀಚ್ ಥೆರಪಿಸ್ಟ್ ಹೇಳಿದರು, ಅವರಿಗೆ ನಮ್ಮ ಮಾತು ಬಹುಪಾಲು ಅರ್ಥವಾಗುತ್ತದಂತೆ, ಪದ ಮಾತ್ರ ಬಾಯಿಗೆ ಬರುತ್ತಿಲ್ಲವಂತೆ. "ಏನು ಬೇಕು?" ಅನ್ನುವ ಬದಲು "ನೀರು ಬೇಕಾ?" ಅನ್ನಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ. ತಲೆಯಾಡಿಸುವವರೆಗೆ ಕಾಯಬೇಕು. ಜೋರಾಗಿ ಕೂಗಬಾರದು, ಕಿವಿ ಚೆನ್ನಾಗಿಯೇ ಇದೆ. (ನಮ್ಮ ಕಡೆಯವರೆಲ್ಲ ಕೂಗುತ್ತಲೇ ಇದ್ದರು!)

ನಿನ್ನೆ ಮಾವ "ಬಾ... ಬಾ..." ಎಂದು ಒದ್ದಾಡಿದರು. ನಾನು ಅವಸರದಲ್ಲಿ "ಬಾಳೆಹಣ್ಣಾ?" ಎಂದೆ. ಕಣ್ಣಲ್ಲಿ ನೀರು ತಂದುಕೊಂಡರು. ಅವರು ಕೇಳಿದ್ದು ಬಾಗಿಲು ಹಾಕು ಅಂತ. ಇಂಥ ಹೊತ್ತಲ್ಲಿ ಎಷ್ಟು ಹೊತ್ತು ಸುಮ್ನೆ ಕಾಯಬೇಕು, ಯಾವಾಗ ಪದ ಎತ್ತಿಕೊಡಬೇಕು?

ಇನ್ನೊಂದು ಕಷ್ಟ ಅತ್ತೆಯದು. ಕಾರಿಡಾರಿನಲ್ಲಿ ಕೈ ಹಿಡಿದು "ಮೊದಲಿನ ಹಾಗೆ ಮಾತಾಡ್ತಾರೇನೋ?" ಅಂತಾರೆ. ಈಗಲೇ ಹೇಳಲಾಗದು ಎಂದು ಡಾಕ್ಟರೇ ಹೇಳಿದ್ದಾರೆ. "ಎಲ್ಲಾ ಸರಿಹೋಗುತ್ತೆ" ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. "ಊಟ ಆಯ್ತಾ ಅತ್ತೆ? ರಾತ್ರಿ ನಾನಿರ್ತೀನಿ" ಅಂದೆ, ಅಷ್ಟೇ. ಸಾಕಾ ಅದು?

ಮನೆಯಲ್ಲಿ ಇಂಥವರನ್ನು ನೋಡಿಕೊಂಡವರು ಹೇಳಿ. ಭಾನುವಾರ ಮತ್ತೆ ಹೋಗುತ್ತೇನೆ.